ಅನಾಮಲಿ ಸ್ಕ್ಯಾನ್‌ನಲ್ಲಿ ಕಂಡ ಬಿಳಿ ಚುಕ್ಕೆ

ಪ್ರಶ್ನೆ: ಹೆಂಡತಿಗೆ 27 ವರ್ಷ, ಈಗ 20 ವಾರ. ಸೋಮವಾರಪೇಟೆಯವರು ನಾವು. ಮಗುವಿನ ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್ ವರದಿಯಲ್ಲಿ ಹೃದಯದ ಎಡಭಾಗದಲ್ಲಿ ‘ಎಕೋಜೆನಿಕ್ ಫೋಕಸ್’, ಸಾಫ್ಟ್ ಮಾರ್ಕರ್ ಎಂದಿದೆ. ಉಳಿದದ್ದು ನಾರ್ಮಲ್. ಡಬಲ್ ಮಾರ್ಕರ್ ರಕ್ತಪರೀಕ್ಷೆಯಲ್ಲಿ ವರ್ಣತಂತು ದೋಷವಾದ ಡೌನ್ ಸಿಂಡ್ರೋಮ್‌ನ ಸಂಭವ 2400ಕ್ಕೆ 1 ಎಂದು ಬಂದಿತ್ತು. ಹೃದಯದಲ್ಲಿ ರಂಧ್ರವಿದೆಯೇ? ಮೈಸೂರಿಗೆ ಹೋಗಬೇಕೇ?

ಉತ್ತರ: ಅದು ರಂಧ್ರವಲ್ಲ. ಹೃದಯದ ಕವಾಟವನ್ನು ಎಳೆದು ಹಿಡಿಯುವ ಪುಟ್ಟ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಸೇರಿಕೊಂಡು ಆಗುವ ಚುಕ್ಕೆ. ಪರದೆಯ ಮೇಲೆ ಮೂಳೆಯಷ್ಟೇ ಬೆಳ್ಳಗೆ ಕಾಣುತ್ತದೆ, ಪ್ರತಿ ಬಡಿತಕ್ಕೂ ಕವಾಟದ ಜೊತೆಗೇ ಅಲುಗಾಡುತ್ತದೆ. ಹೃದಯದ ಕೆಲಸಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಯಾವ ದೋಷವೂ ಇಲ್ಲದ ಮಕ್ಕಳಲ್ಲೇ ನೂರಕ್ಕೆ ಮೂರರಿಂದ ಐದರಲ್ಲಿ ಇದು ಕಾಣಸಿಗುತ್ತದೆ. ಕೊಡಗಿನಲ್ಲಿ ಗರ್ಭಿಣಿಯರ ಸ್ಕ್ಯಾನ್ ಮಾಡುವ ನನಗೆ ಇದು ತೀರಾ ಪರಿಚಿತ.

ಹಾಗಿದ್ದರೆ ಬರೆಯುವುದೇಕೆ? ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಚುಕ್ಕೆ ತುಸು ಹೆಚ್ಚಾಗಿ ಕಂಡುಬಂದದ್ದರಿಂದ. ಸಾಫ್ಟ್ ಮಾರ್ಕರ್ ಎಂಬುದು ಕಾಯಿಲೆಯ ಹೆಸರಲ್ಲ, ಸಂಭವವನ್ನು ಮತ್ತೊಮ್ಮೆ ಲೆಕ್ಕ ಹಾಕಿ ಎಂಬ ಸೂಚನೆ. ಲೆಕ್ಕ ಹಾಕೋಣ: ಈ ಚುಕ್ಕೆಯೊಂದೇ ಇದ್ದು ಬೇರೇನೂ ಇಲ್ಲದಿದ್ದರೆ ಸಂಭವ ಹೆಚ್ಚುವುದಿಲ್ಲ. ನಿಮ್ಮ 2400ಕ್ಕೆ 1 ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ‘ಉಳಿದದ್ದು ನಾರ್ಮಲ್’ ಎಂಬ ಮಾತೇ ಇಲ್ಲಿ ಮುಖ್ಯ. ವರದಿಯನ್ನು ಮತ್ತೊಮ್ಮೆ ಓದಿ. ಹೃದಯದ ನಾಲ್ಕು ಕೋಣೆಗಳಷ್ಟೇ ಅಲ್ಲ, ಅಲ್ಲಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳನ್ನೂ ನೋಡಿರಬೇಕು. ನಾಲ್ಕು ಕೋಣೆ ಸರಿಯಾಗಿ ಕಂಡರೂ ಈ ನಾಳಗಳು ಅದಲುಬದಲಾಗಿರುವುದುಂಟು. ಮೆದುಳಿನೊಳಗಿನ ನೀರಿನ ಕೋಣೆಯ ಅಗಲ 10 ಮಿಲಿಮೀಟರಿಗಿಂತ ಕಡಿಮೆಯಿರಬೇಕು. ಕಿರುಮೆದುಳು, ಮೇಲ್ದುಟಿ, ಬೆನ್ನುಹುರಿ, ಹೊಟ್ಟೆಯ ಗೋಡೆ, ಮೂತ್ರಪಿಂಡಗಳು, ಮೂತ್ರಕೋಶ, ಕೈಕಾಲುಗಳ ಉದ್ದನೆಯ ಮೂಳೆಗಳು ಇವೆಲ್ಲವೂ ನಮೂದಾಗಿರಬೇಕು. ಯಾವುದಾದರೂ ಒಂದರ ಮುಂದೆ ‘ಮಗುವಿನ ಭಂಗಿಯಿಂದಾಗಿ ಕಾಣಲಿಲ್ಲ’ ಎಂದಿದ್ದರೆ ಅದು ನಾರ್ಮಲ್ ಅಲ್ಲ, ನೋಡಿಯೇ ಇಲ್ಲ ಎಂದರ್ಥ. ಒಂದೆರಡು ವಾರದಲ್ಲಿ ಅದನ್ನು ಮತ್ತೆ ನೋಡಿಸಬೇಕು.

ಎಲ್ಲ ಮಾರ್ಕರ್‌ಗಳ ತೂಕವೂ ಒಂದೇ ಅಲ್ಲ. ಕತ್ತಿನ ಹಿಂದಿನ ಚರ್ಮ 6 ಮಿಲಿಮೀಟರ್ ಅಥವಾ ಹೆಚ್ಚು ದಪ್ಪವಿದ್ದರೆ, ಮೂಗಿನ ಮೂಳೆ ಕಾಣದಿದ್ದರೆ, ನಾನೇ ನಿಮ್ಮನ್ನು ಮುಂದಿನ ಪರೀಕ್ಷೆಗೆ ಕಳುಹಿಸುತ್ತಿದ್ದೆ. ಡಬಲ್ ಮಾರ್ಕರ್ ಮಾಡಿಸದೇ ಇದ್ದವರಿಗೆ ಇದೇ ಚುಕ್ಕೆ ಕಂಡರೆ ಮೊದಲು ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿಯಂಥ ಪರೀಕ್ಷೆಯ ಮಾತಾಡುತ್ತೇನೆ. ಏಕೆಂದರೆ ಡೌನ್ ಸಿಂಡ್ರೋಮ್ ಇದ್ದೂ ಸ್ಕ್ಯಾನ್ ಪೂರ್ತಿ ಸರಿಯಾಗಿ ಕಾಣಬಹುದು.

ನಿಮ್ಮ ವಿಷಯದಲ್ಲಿ ಹೊಟ್ಟೆಗೆ ಸೂಜಿ ಹಾಕಿ ಗರ್ಭಜಲ ತೆಗೆಯುವ ಪರೀಕ್ಷೆ ಬೇಡ. ಈ ಚುಕ್ಕೆಗಾಗಿಯೇ ಘಟ್ಟದ ರಸ್ತೆಯಲ್ಲಿ ಅವರನ್ನು ಮೈಸೂರಿಗೆ ಕರೆದೊಯ್ಯುವುದೂ ಬೇಡ. ಆದರೆ ಬಸಿರಿಗೆ ಮೊದಲೇ ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ, ಅಥವಾ ನಿಮ್ಮಿಬ್ಬರಲ್ಲಿ ಯಾರಿಗಾದರೂ ಹುಟ್ಟಿನಿಂದ ಹೃದಯದ ದೋಷವಿದ್ದರೆ, ಆ ಕಾರಣಕ್ಕೆ ಮಗುವಿನ ಹೃದಯದ ಎಕೋ ಮಾಡಿಸಲು ಹೋಗಿ ಬನ್ನಿ.