ಊಟಿ ಕ್ಯಾಂಪ್ ನಂತರ ಕಾಲು ಭಾರ

“ನಾಲ್ಕು ವಾರ ಊಟಿಯಲ್ಲಿ ಓಡಿ ಮುಂಬೈ ಮ್ಯಾರಥಾನ್‌ಗೆ ಇಳಿದೆ. ಕಾಲು ಯಾಕೆ ಭಾರ?”

ಊಟಿಯ 2,240 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೂ ಆಮ್ಲಜನಕ ಕಡಿಮೆ ಸಿಗುತ್ತೆ. ಆಗ ಮೂತ್ರಪಿಂಡ ಇಪಿಒ ಹಾರ್ಮೋನ್ ಹೆಚ್ಚಿಸುತ್ತೆ, ಮೂಳೆಮಜ್ಜೆ ಹೆಚ್ಚು ಕೆಂಪು ರಕ್ತಕಣ ತಯಾರಿಸುತ್ತೆ. ಓಡೋ ದಮ್ಮು ಹೆಚ್ಚೋದು ಅದರಿಂದ. ಮೈಯಲ್ಲಿ ಕಬ್ಬಿಣಾಂಶ ಸಾಲದಿದ್ದರೆ ಮಾತ್ರ ಈ ಲಾಭ ಸಿಗೋದು ಕಷ್ಟ, ಹಾಗಾಗಿ ಹೋಗೋ ಮುಂಚೆ ಫೆರಿಟಿನ್ ಪರೀಕ್ಷೆ ಮಾಡಿಸಿ.

ಕಾಲು ಭಾರಕ್ಕೆ ಕಾರಣ ಬಹುಶಃ ಬೇರೆ. ಮೇಲೆ ಉಸಿರು ಸಾಲದೆ ನಿಧಾನವಾಗಿ ಓಡಿರ್ತೀರಿ, ಕಾಲಿಗೆ ರೇಸಿನ ವೇಗ ತಪ್ಪಿರುತ್ತೆ. ಚಳಿಗೆ ಒಗ್ಗಿದ ಮೈಗೆ ಮುಂಬೈ ಸೆಕೆಯೂ ಹೊಸದು. ಇಳಿದ ಮೊದಲ ವಾರ ಹಲವರಿಗೆ ಹೀಗೇ. ಮುಂದಿನ ಸಲ ಎರಡು ವಾರ ಮೊದಲೇ ಇಳಿದು ವೇಗದ ಓಟ ಮಾಡಿ. ತೀರಾ ಮುಂಚೆಯೂ ಬೇಡ, ಇಪಿಒ ತಗ್ಗಿದಂತೆ ಹೆಚ್ಚುವರಿ ಕಣಗಳು ಕೆಲವೇ ವಾರಗಳಲ್ಲಿ ಕಡಿಮೆಯಾಗುತ್ತವೆ.