‘ಸ್ಟೋರ್ ನೋಡ್ಕೋತಿದ್ದೆ, ಅಷ್ಟೇ’

ಸುಮಾ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಹೆಸರು ಅದಲ್ಲ, ಗುರುತು ಸಿಗುವಂಥ ಇತರ ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 34. ಬೆಂಗಳೂರಿನ ಒಂದು ನೇಮಕಾತಿ ಏಜೆನ್ಸಿಯಲ್ಲಿ ಆರು ವರ್ಷ ದುಡಿದು, ಎರಡನೇ ಮಗುವಾದ ಮೇಲೆ ತುಮಕೂರಿನ ಗಂಡನ ಮನೆಗೆ ಬಂದು ನೆಲೆಸಿದವರು. ಎರಡು ವರ್ಷದಿಂದ ಮನೆಯಲ್ಲೇ ಕೂತು ರೆಸ್ಯೂಮೆ, ಲಿಂಕ್ಡ್‌ಇನ್ ಪ್ರೊಫೈಲ್ ಬರೆದುಕೊಡುತ್ತಿದ್ದರು.

“ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಟಿಣ್ ಅಂದ್ರೆ ಎದೆ ಧಸಕ್ ಅನ್ನುತ್ತೆ ಮೇಡಂ. ಇನ್ನೊಂದು ಚಿಕ್ಕ ಕರೆಕ್ಷನ್ ಇದೆ ಅಂತಾರೆ. ಇಲ್ಲ ಅನ್ನೋಕೆ ಬಾಯೇ ಬರಲ್ಲ.” ಗಂಡ ಕೊಟ್ಟ ಪರಿಹಾರ: “ಸಿಮ್ ಬದಲಾಯಿಸು.”

ಮೊದಲ ದಿನ ನಾನೂ ಇದನ್ನು ‘ಇಲ್ಲ’ ಎನ್ನಲಾಗದವರ ಕಷ್ಟ ಎಂದೇ ಬಗೆದೆ. ಒಂದೇ ಒಂದು ಕೆಲಸ ಕೊಟ್ಟು ಕಳಿಸಿದೆ: ಮುಂದಿನ ಐದು ಗಿರಾಕಿಗಳಿಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು, ಯಾವ ತಿದ್ದುಪಡಿ ಏಕೆ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹದಿನೈದು ದಿನದ ಮೇಲೆ ಅವರು ತಂದ ನೋಟ್‌ಬುಕ್ಕು ನೋಡಿ ನನ್ನ ಎಣಿಕೆ ತಪ್ಪೆಂದು ತಿಳಿಯಿತು.

ಒಂದು ರೆಸ್ಯೂಮೆಗೆ 300 ರೂಪಾಯಿ. ಝೆರಾಕ್ಸ್ ಅಂಗಡಿಯವರು ನೂರಕ್ಕೆ ಮಾಡಿಕೊಡುವಾಗ ತಾನು ಅದಕ್ಕಿಂತ ಹೆಚ್ಚು ಹೇಗೆ ಕೇಳುವುದು ಎಂಬ ಸಂಕೋಚದಿಂದ ಹುಟ್ಟಿದ ದರ ಅದು. ಗೂಗಲ್ ಫಾರ್ಮ್ ತುಂಬಿಸಿಕೊಳ್ಳಲು ಗಿರಾಕಿಯ ಬೆನ್ನುಬೀಳುವುದಕ್ಕೆ ಒಂದು ಗಂಟೆ, ಬರೆಯಲು ಎರಡು ಗಂಟೆ, ತಿದ್ದುಪಡಿಗೆ ನಾಲ್ಕು ಗಂಟೆ. ಒಟ್ಟು ಏಳು. ಗಂಟೆಗೆ ಹತ್ತಿರಹತ್ತಿರ 43 ರೂಪಾಯಿ ಬಿದ್ದಂತಾಯಿತು.

ನನ್ನ ಕಣ್ಣು ನಿಂತದ್ದು ತಿದ್ದುಪಡಿಗಳ ಕಾರಣದ ಮೇಲೆ. ಅಕ್ಷರದ ಅಳತೆ, ಬಣ್ಣ, ಫೋಟೊ ಇಂಥವು ನಾಲ್ಕಾರು ಅಷ್ಟೆ. ಮಿಕ್ಕವೆಲ್ಲ ‘ಅಯ್ಯೋ, ಇದನ್ನ ಹೇಳೋದೇ ಮರ್ತಿದ್ದೆ’ ಎನ್ನುವ ಜಾತಿಯವು. ಬರೆದದ್ದು ತಪ್ಪಾಗಿರಲಿಲ್ಲ, ಕೇಳಬೇಕಾದ್ದನ್ನು ಮೊದಲೇ ಕೇಳಿರಲಿಲ್ಲ. ಫಾರ್ಮ್ ಇದ್ದದ್ದು ಇಂಗ್ಲಿಷಿನಲ್ಲಿ. ದಿನವಿಡೀ ಕನ್ನಡದಲ್ಲಿ ದುಡಿಯುವ ಮನುಷ್ಯನಿಗೆ ಅಲ್ಲಿ ಹೊಳೆಯುವುದು ‘ರೆಸ್ಪಾನ್ಸಿಬಲ್ ಫಾರ್ ಸ್ಟೋರ್ಸ್’ ಎಂಬ ಒಂದೇ ಸಾಲು.

ಹಾಗಾಗಿ ನನ್ನ ಮೊದಲ ಸಲಹೆ ದರದ್ದಲ್ಲ. ಫಾರ್ಮ್‌ನಲ್ಲಿ ಹೆಸರು, ಓದು, ದಿನಾಂಕಗಳನ್ನು ಮಾತ್ರ ಉಳಿಸಿ. ಉಳಿದದ್ದನ್ನು ಫೋನಿನಲ್ಲಿ, ಕನ್ನಡದಲ್ಲಿ, 45 ನಿಮಿಷ ಕೂತು ಕೇಳಿ. ಅದಕ್ಕೂ ಮುಂಚೆ, ಗಿರಾಕಿ ಯಾವ ಕೆಲಸಕ್ಕೆ ಹಾಕಬೇಕೆಂದಿದ್ದಾರೋ ಅಂಥ ಎರಡು ಜಾಹೀರಾತುಗಳನ್ನು ತರಿಸಿಕೊಳ್ಳಿ. ಯಾವ ಕೆಲಸ ಎಂದು ಗೊತ್ತಿಲ್ಲದೆ ಬರೆದದ್ದು ಎಲ್ಲಿಗೂ ಹೊಂದುವುದಿಲ್ಲ. ಅದು ಸುಮಾಗೂ ಗೊತ್ತು, ಏಜೆನ್ಸಿಯಲ್ಲಿ ಅಂಥವನ್ನು ಬದಿಗಿಡುತ್ತಿದ್ದವರು ಅವರೇ.

ಮೂರನೇ ಭೇಟಿಗೆ ಅವರು ಒಂದು ಮಾತುಕತೆಯ ಟಿಪ್ಪಣಿ ತಂದರು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಐದು ವರ್ಷ ಸ್ಟೋರ್‌ನಲ್ಲಿದ್ದ ಹುಡುಗ. ಏನು ಕೆಲಸ ಎಂದರೆ “ಸ್ಟೋರ್ ನೋಡ್ಕೋತಿದ್ದೆ ಅಕ್ಕ, ಅಷ್ಟೇ.” ಇವರು ಹುದ್ದೆಯ ಗೊಡವೆ ಬಿಟ್ಟು ದಿನವನ್ನು ಹಿಡಿದರು. ಬೆಳಿಗ್ಗೆ ಗೇಟ್ ಒಳಗೆ ಹೋದ ಮೇಲೆ ಮೊದಲು ಏನು ಮಾಡ್ತಿದ್ರಿ? ನೀವು ರಜಾ ಹಾಕಿದ ದಿನ ಏನು ನಿಂತುಹೋಗ್ತಿತ್ತು? ಸೇರಿದಾಗ ಇಲ್ಲದ್ದು, ಬಿಡೋ ಹೊತ್ತಿಗೆ ಇದ್ದದ್ದು ಏನಾದರೂ ಇದೆಯಾ?

ಮೂರನೆಯ ಪ್ರಶ್ನೆಗೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದನಂತೆ. ಸುಮಾ ಆ ಮೌನವನ್ನು ತುಂಬಲು ಹೋಗಲಿಲ್ಲ. ಈ ಕಸುಬಿನಲ್ಲಿ ಕಲಿಯಲು ಕಷ್ಟವಾದದ್ದು ಅದೇ, ನನ್ನ ಕಸುಬಿನಲ್ಲೂ. ಆಮೇಲೆ ಅವನೇ ಹೇಳಿದ: “ರ‍್ಯಾಕ್‌ಗೆಲ್ಲ ನಂಬರ್ ಹಾಕ್ದೆ ಅಕ್ಕ. ಮೊದ್ಲು ತಿಂಗಳ ಸ್ಟಾಕ್ ಎಣಿಸೋಕೆ ಮೂರು ದಿನ ಆಗೋದು, ಆಮೇಲೆ ಒಂದೇ ದಿನಕ್ಕೆ ಮುಗೀತಿತ್ತು.” ಎಷ್ಟು ಬಗೆಯ ಸಾಮಾನು ಎಂದರೆ ಎಕ್ಸೆಲ್ ಶೀಟಿನಲ್ಲಿ ಸುಮಾರು 1,400 ಸಾಲು ಇತ್ತಂತೆ.

ರೆಸ್ಯೂಮೆಯಲ್ಲಿ ಅದು ಇಂಗ್ಲಿಷಿನ ಒಂದು ಸಾಲಾಯಿತು. ಅದರ ಅರ್ಥ ಹೀಗೆ: ಸುಮಾರು 1,400 ಬಿಡಿಭಾಗಗಳ ದಾಸ್ತಾನಿಗೆ ರ‍್ಯಾಕ್ ಸಂಖ್ಯೆಯ ಪದ್ಧತಿ ತಂದು, ತಿಂಗಳ ಎಣಿಕೆಯನ್ನು 3 ದಿನದಿಂದ 1 ದಿನಕ್ಕೆ ಇಳಿಸಿದ್ದು. ಅಂಕಿ ಬರೆಯಲು ನಾವು ಒಂದು ಕಟ್ಟಳೆ ಮಾಡಿಕೊಂಡೆವು: ಸಂದರ್ಶನದಲ್ಲಿ ‘ಇದು ಹೇಗೆ ಮಾಡಿದ್ರಿ’ ಎಂದರೆ ಗಿರಾಕಿ ಎರಡು ನಿಮಿಷ ತಡವರಿಸದೆ ಹೇಳಬೇಕು. ಆಗದಿದ್ದರೆ ಆ ಅಂಕಿ ಬೇಡ. ಕರೆಯ ಕೊನೆಗೆ ಬರೆದುಕೊಂಡದ್ದನ್ನೆಲ್ಲ ಓದಿ ಹೇಳಿ ಒಪ್ಪಿಗೆ ಪಡೆಯುವುದು, ರಾತ್ರಿ ಹನ್ನೊಂದರ ಟಿಣ್‌ಗೆ ನಿಜವಾದ ಮದ್ದು ಅದು.

ಇಷ್ಟಾದ ಮೇಲೆ ದರ ತಾನೇ ಇತ್ಯರ್ಥವಾಯಿತು. ರೆಸ್ಯೂಮೆಗಿಷ್ಟು ಎಂಬ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಹಿಡಿದೆವು, ಗಂಟೆಗೆ 300ಕ್ಕಿಂತ ಕಡಿಮೆ ಬೀಳಬಾರದು ಎಂದು. ಈಗಷ್ಟೇ ಓದು ಮುಗಿಸಿದವರಿಗೆ 600 ರೂಪಾಯಿ: 20 ನಿಮಿಷದ ಮಾತು, ಒಂದು ಪುಟ, ಒಂದು ಸುತ್ತು ತಿದ್ದುಪಡಿ. ಅನುಭವ ಇದ್ದವರಿಗೆ 1,500: ಪೂರ್ಣ ಮಾತುಕತೆ, ಎರಡು ಪುಟದವರೆಗೆ, ಹತ್ತು ದಿನದೊಳಗೆ ಎರಡು ಸುತ್ತು. ಲಿಂಕ್ಡ್‌ಇನ್ ಮತ್ತು ನೌಕ್ರಿ ಪ್ರೊಫೈಲೂ ಸೇರಿದರೆ 2,800. ಒಂದು ಸುತ್ತು ಎಂದರೆ ಎಲ್ಲ ತಿದ್ದುಪಡಿಯನ್ನೂ ಒಟ್ಟಿಗೆ, ಒಂದೇ ಸಂದೇಶದಲ್ಲಿ ಕಳಿಸುವುದು. ಅರ್ಧ ಹಣ ಮಾತುಕತೆಗೆ ಮುಂಚೆ. ಕೆಲಸ ಸಿಗುತ್ತದೆ ಎಂಬ ಭರವಸೆ ಯಾವ ದರದಲ್ಲೂ ಇಲ್ಲ.

ಪ್ರೊಫೈಲ್ ಎಂದರೆ ರೆಸ್ಯೂಮೆಯನ್ನು ಅಲ್ಲಿಗೆ ಅಂಟಿಸುವುದಲ್ಲವಾದ್ದರಿಂದಲೇ ಅದಕ್ಕೆ ಬೇರೆ ಹಣ. ಲಿಂಕ್ಡ್‌ಇನ್ ತಲೆಸಾಲಿಗೆ 220 ಅಕ್ಷರಗಳ ಮಿತಿ. ‘ಕೆಲಸ ಹುಡುಕುತ್ತಿದ್ದೇನೆ’ ಎಂದಷ್ಟೇ ಅಲ್ಲಿ ಬರೆದರೆ ಸ್ಟೋರ್, ದಾಸ್ತಾನು ಎಂಬ ಪದಗಳನ್ನು ಹಾಕಿ ಹುಡುಕುವವರಿಗೆ ಆ ಸಾಲಿನಿಂದ ಏನೂ ತಿಳಿಯದು. ಇನ್ನು ರೆಸ್ಯೂಮೆಯ ಅಂದಕ್ಕೆಂದು ಹಾಕುತ್ತಿದ್ದ ಎರಡು ಕಾಲಂ, ಟೆಕ್ಸ್ಟ್ ಬಾಕ್ಸ್‌ಗಳನ್ನು ಸುಮಾ ತಾವಾಗಿಯೇ ಬಿಟ್ಟರು. ಅರ್ಜಿಗಳನ್ನು ಸೋಸುವ ಕಂಪನಿಯ ತಂತ್ರಾಂಶ ಅವನ್ನು ಹಿಂದುಮುಂದಾಗಿ ಓದಬಹುದು. ಎಲ್ಲವನ್ನೂ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದರೆ ಸಾಲು ಕಲಸಿದ್ದು ಬಹುಮಟ್ಟಿಗೆ ಅಲ್ಲೇ ಕಾಣುತ್ತದೆ.

ಒಂದು ಕಡೆ ಮಾತ್ರ ನಾನು ಗಟ್ಟಿಯಾಗಿ ಹೇಳಬೇಕಾಯಿತು. ಒಬ್ಬರು, ಹದಿನಾಲ್ಕು ತಿಂಗಳು ಕೆಲಸವಿಲ್ಲದೆ ಇದ್ದದ್ದನ್ನು ಹಳೆ ಕಂಪನಿಯ ದಿನಾಂಕ ಎಳೆದು ಮುಚ್ಚಿಕೊಡಿ, ಐನೂರು ಜಾಸ್ತಿ ಕೊಡುತ್ತೇನೆ ಎಂದರಂತೆ. ಪಿಎಫ್‌ನ ಯುಎಎನ್ ಸಂಖ್ಯೆಯ ದಾಖಲೆ ತೆಗೆದರೆ ಯಾವ ಕಂಪನಿಗೆ ಯಾವಾಗ ಸೇರಿದ್ದು, ಯಾವಾಗ ಬಿಟ್ಟದ್ದು ಎಲ್ಲ ಕಾಣುತ್ತದೆ, ಅದನ್ನು ತಾಳೆ ನೋಡುವ ಕಂಪನಿಗಳು ಬಹಳ. ಸಿಕ್ಕಿಬಿದ್ದರೆ ಸಿಕ್ಕ ಕೆಲಸವೂ ಹೋಗುತ್ತದೆ. ಆ ತಿಂಗಳುಗಳಲ್ಲಿ ಏನು ಮಾಡಿದಿರಿ ಎಂದು ಕೇಳಿ ಎಂದೆ. ಕೇಳಿದರೆ, ಅಪ್ಪನಿಗೆ ಪಾರ್ಶ್ವವಾಯು, ಜೊತೆಗೆ ಮನೆಯ ಅಡಿಕೆ ವ್ಯಾಪಾರದ ಲೆಕ್ಕಪತ್ರ. ಇದ್ದದ್ದನ್ನು ಇದ್ದಂತೆ ಒಂದು ಸಾಲು ಬರೆದರು.

ದರ ಏರಿದ ಮೇಲೆ ಮೊದಲ ತಿಂಗಳು ಗಿರಾಕಿಗಳು ಹದಿನೆಂಟರಿಂದ ಏಳಕ್ಕೆ ಇಳಿದರು. ಆದರೂ ಕೈಗೆ ಬಂದದ್ದು 5,400ರ ಬದಲು 8,700. ನಿದ್ದೆ ಪೂರ್ತಿ ಸರಿಹೋಗಿದೆ ಎನ್ನಲಾರೆ. ರಾತ್ರಿ ಒಂಬತ್ತರ ಮೇಲೆ ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಇಡುತ್ತಾರೆ.

ಉಳಿದದ್ದು ನೆಂಟರ ಪ್ರಶ್ನೆ. ಅತ್ತೆಯ ಅಣ್ಣನ ಮಗನಿಗೆ 1,500 ಎನ್ನಲಾಗದು, ನಾನೂ ಹೇಳು ಎನ್ನಲಿಲ್ಲ. ತಿಂಗಳಿಗೆ ಒಂದು ರೆಸ್ಯೂಮೆ ನೆಂಟರಿಗೆ ಪುಕ್ಕಟೆ, ಭಾನುವಾರ ಬೆಳಿಗ್ಗೆ ಮಾತ್ರ, ಆದರೆ 45 ನಿಮಿಷದ ಮಾತುಕತೆಗೆ ಅವರೂ ಕೂರಬೇಕು ಎಂದು ತೀರ್ಮಾನವಾಯಿತು. ಅತ್ತೆಯ ಅಣ್ಣನ ಮಗ ಇನ್ನೂ ಕೂತಿಲ್ಲ.