ಮಂಡಿಚಿಪ್ಪಿನ ನೋವಾ? ಜೆಲ್ ಸೀಟು ಆಮೇಲೆ, ಮೊದಲು ಎತ್ತರ ನೋಡಿ

"ದಿನಾ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗಿಬರೋದು 14 ಕಿಮೀ. ಎರಡು ತಿಂಗಳಿಂದ ಮಂಡಿಚಿಪ್ಪಿನ ಹತ್ತಿರ ನೋವು. ಸೀಟು ಸರಿಯಾಗೇ ಇದೆ, ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುತ್ತೆ. ಜೆಲ್ ಸೀಟು ಹಾಕಿಸಲಾ?"

ಕೂತಲ್ಲೇ ಎರಡೂ ಪಾದ ಊರುತ್ತೆ ಅಂದರೆ ಸೀಟು ಸರಿಯಿಲ್ಲ, ತುಂಬಾ ಕೆಳಗಿದೆ. ನಾನೂ ಒಂದು ವರ್ಷ ಹೀಗೇ ಓಡಿಸಿ ಮಂಡಿ ಹಾಳು ಮಾಡಿಕೊಂಡೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸೀಟಿನ ಎತ್ತರ ನೋಡಬೇಕಾದ್ದು ಪೆಡಲ್‌ನಿಂದ, ನೆಲದಿಂದ ಅಲ್ಲ. ಸೀಟು ಕೆಳಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ಜಾಸ್ತಿ ಮಡಚುತ್ತೆ. ಅಲ್ಲಿಂದಲೇ ಒತ್ತಿ ತುಳಿಯುತ್ತೀರಿ. ಆ ಒತ್ತಡವೆಲ್ಲ ಚಿಪ್ಪಿನ ಹಿಂದೆ ಬೀಳುತ್ತೆ. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲು ಊರಿ. ಎರಡು ದಿನದಲ್ಲಿ ರೂಢಿಯಾಗುತ್ತೆ.

ಎತ್ತರ ನೋಡೋದು ಹೀಗೆ. ಗೋಡೆ ಹಿಡಿದು ಸೈಕಲ್ ಮೇಲೆ ಕೂತುಕೊಳ್ಳಿ. ದಿನಾ ಹಾಕೋ ಶೂನೇ ಹಾಕಿರಿ, ಬರಿಗಾಲಲ್ಲಿ ನೋಡಬೇಡಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿ. ಪೆಡಲ್ ತೀರಾ ಕೆಳಗೆ ಹೋದಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆ ಈ ಕಡೆ ವಾಲಬಾರದು. ಆಮೇಲೆ ಮುಂಗಾಲಿಟ್ಟು ತುಳಿದರೆ ಬೇಕಾದಷ್ಟು ಬಾಗು ತಾನೇ ಉಳಿಯುತ್ತೆ. ಸೊಂಟ ವಾಲೋದು ನಿಮಗೆ ಗೊತ್ತಾಗಲ್ಲ, ಹಿಂದಿನಿಂದ ಯಾರಾದರೂ ನೋಡಲಿ.

ಈಗ ನಾನು ಮಾಡಿದ ಎರಡನೇ ತಪ್ಪು. ಸೀಟು ಕೆಳಗಿದೆ ಅಂತ ಗೊತ್ತಾದ ದಿನವೇ, ಪೆಡಲ್ ಕೂಡಿಸಿರೋ ಕ್ರ್ಯಾಂಕ್ ತಿರುಗೋ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಅಳೆದ ಎತ್ತರವನ್ನು 64 ಸೆಂಮೀನಿಂದ 69ಕ್ಕೆ ಒಂದೇ ಸಲ ಏರಿಸಿಬಿಟ್ಟೆ. ಚಿಪ್ಪಿನ ನೋವು ಒಂದು ವಾರದಲ್ಲಿ ಇಳಿಯಿತು, ಮಂಡಿಯ ಹಿಂಭಾಗ ಹಿಡಿದುಕೊಂಡಿತು. ಕೆಳಗೆ ತಲುಪೋಕೆ ಪ್ರತಿ ಸುತ್ತಿಗೂ ಕಾಲು ಎಳೆದುಕೊಳ್ಳುತ್ತಿದ್ದೆ. ಕೊನೆಗೆ 66ಕ್ಕೆ ಇಳಿಸಿ, ಅಲ್ಲಿಂದ 5 ಮಿಮೀ ಏರಿಸೋದು, ನಾಲ್ಕೈದು ದಿನ ಓಡಿಸೋದು, ಮತ್ತೆ 5 ಮಿಮೀ, ಹೀಗೆ ಮಾಡಿ 68ಕ್ಕೆ ನಿಂತೆ. ಪ್ರತಿ ಸಲ ಸೀಟ್ ಪೋಸ್ಟ್‌ಗೆ ಟೇಪ್ ಸುತ್ತಿ ಗುರುತು ಮಾಡಿ, ಇಲ್ಲದಿದ್ದರೆ ಎಲ್ಲಿದ್ದಿರಿ ಅಂತಲೇ ಮರೆತುಹೋಗುತ್ತೆ. ಪೋಸ್ಟ್ ಮೇಲಿರೋ ಮಿನಿಮಮ್ ಇನ್ಸರ್ಷನ್ ಗೆರೆ ಹೊರಗೆ ಕಾಣಿಸೋವರೆಗೆ ಎಳೆಯಬೇಡಿ, ಫ್ರೇಮೇ ಸೀಳಬಹುದು.

ಮೇಲಿನ ಉತ್ತರಗಳಲ್ಲಿ ಒಬ್ಬರು ಸೀಟಿನ ಎತ್ತರಕ್ಕೆ ಇನ್‌ಸೀಮ್, ಅಂದರೆ ತೊಡೆಸಂದಿನಿಂದ ನೆಲದವರೆಗಿನ ಕಾಲಿನ ಉದ್ದ, ಗುಣಿಲೆ 0.883 ಅಂದಿದ್ದಾರೆ. ಲೆಕ್ಕ ಸರಿಯೇ, ಕ್ರ್ಯಾಂಕ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ. ನನ್ನ 78ಕ್ಕೆ ಸುಮಾರು 69 ಬರುತ್ತೆ. ಆದರೆ ನಾನು ಹಿಮ್ಮಡಿ ಇಳಿಸಿ ತುಳಿಯುವವನು, ನನಗೆ ಅದು ಜಾಸ್ತಿಯಾಯಿತು. ಅದನ್ನು ಶುರುವಿಗೆ ಇಟ್ಟುಕೊಳ್ಳಿ, ಅದೇ ಕೊನೆ ಅಂದುಕೊಳ್ಳಬೇಡಿ. ಇನ್ನೊಬ್ಬರು "ನನಗೂ ಮಂಡಿ ನೋವಿತ್ತು, ಸೀಟು ಇಳಿಸಿದೆ, ಹೋಯ್ತು" ಅಂದಿದ್ದಾರಲ್ಲ, ಅವರಿಗೆ ನೋವು ಇದ್ದದ್ದು ಮಂಡಿಯ ಹಿಂದೆ. ಅದು ನಿಮ್ಮದಕ್ಕೆ ಪೂರ್ತಿ ಉಲ್ಟಾ. ದಯವಿಟ್ಟು ಅದನ್ನು ಅನುಸರಿಸಬೇಡಿ.

"ಭಾರೀ ಗೇರ್‌ನಲ್ಲಿ ತುಳಿದರೆ ಕಾಲು ಗಟ್ಟಿಯಾಗುತ್ತೆ" ಅನ್ನೋದೂ ಬಂದಿದೆ. ತೊಡೆ ಗಟ್ಟಿಯಾಗಬಹುದು, ಆದರೆ ನೋಯೋ ಮಂಡಿಗೆ ಈಗ ಅದು ಬೇಡ. ಬಲ ಮಂಡಿ ಮೇಲೆ ಬರೋದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನನಗೆ 14 ಬಂದಿತ್ತು, ಅಂದರೆ ನಿಮಿಷಕ್ಕೆ 56. ಸೈಕಲ್ ಓಡೋ ವೇಗ ಅದೇ ಇದ್ದು, ತುಳಿತ ನಿಮಿಷಕ್ಕೆ 60ರಿಂದ 80ಕ್ಕೆ ಹೋದರೆ ಪ್ರತಿ ತುಳಿತಕ್ಕೆ ಬೇಕಾದ ಬಲ ಕಾಲುಭಾಗ ಕಡಿಮೆಯಾಗುತ್ತೆ. 15 ಸೆಕೆಂಡಿಗೆ 19-20 ಬರೋ ಹಾಗೆ ಹಗುರ ಗೇರ್ ಹಾಕಿ. ಸೀಟಿನ ಮೇಲೆ ಕುಪ್ಪಳಿಸೋ ಹಾಗಾದರೆ ಅಷ್ಟು ಬೇಡ, ಸ್ವಲ್ಪ ಇಳಿಸಿ. ನಿಮಿಷಕ್ಕೆ 90 ಬರಲೇಬೇಕು ಅಂತ ಹಟ ಮಾಡಬೇಡಿ.

ನನ್ನ ಮಂಡಿಯನ್ನು ಜಾಸ್ತಿ ಕೆಡಿಸಿದ್ದು ಸಿಗ್ನಲ್ಲಿನಿಂದ ಹೊರಡೋ ಆ ಮೊದಲ ಎರಡು ತುಳಿತ. ನಿಲ್ಲೋ ಮೊದಲೇ, ಚಕ್ರ ತಿರುಗುತ್ತಿರುವಾಗಲೇ ಗೇರ್ ಇಳಿಸಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಡಿರೇಲರ್‌ಗೆ ನಿಂತ ಮೇಲೆ ಬದಲಾಯಿಸೋಕೆ ಆಗಲ್ಲ. ಹಿಂದಿನ ಚಕ್ರದ ಹಬ್ ಒಳಗೇ ಇರೋ, ಶಿಮಾನೋ ನೆಕ್ಸಸ್ ಥರದ ಹಬ್ ಗೇರ್‌ನಲ್ಲಿ ನಿಂತಲ್ಲೇ ಆಗುತ್ತೆ, ದಿನಾ ಓಡಾಡೋರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗೇರ್ ಇಲ್ಲದ ಸೈಕಲ್ ಆದರೆ ಹಿಂದಿನ ಫ್ರೀವೀಲ್ 18 ಹಲ್ಲಿನದಿದ್ದರೆ 20ರದ್ದು ಹಾಕಿಸಿ. ಚೈನ್ ಸಾಲದೆ ಬರಬಹುದು, ಅದನ್ನೂ ಕೇಳಿಕೊಳ್ಳಿ.

ಜೆಲ್ ಸೀಟು ಕೂರೋ ಜಾಗಕ್ಕೆ, ಮಂಡಿಗಲ್ಲ. ದಪ್ಪ ಜೆಲ್ ಕೂತಾಗ ಕುಸಿಯುತ್ತೆ, ಆಗ ಎತ್ತರದ ಲೆಕ್ಕವೇ ತಪ್ಪುತ್ತೆ. ಬ್ರೂಕ್ಸ್ ಥರದ ಚರ್ಮದ ಸೀಟೂ ಪಳಗಿದ ಹಾಗೆ ಜಗ್ಗುತ್ತೆ, ಆರು ತಿಂಗಳಿಗೊಮ್ಮೆ ಅಳೆದು ನೋಡಿ. ಸೀಟು ಹಿಂದೆ ಮುಂದೆ ಸರಿಸೋ ವಿಚಾರದಲ್ಲಿ ಇಲ್ಲಿ ಒಬ್ಬೊಬ್ಬರದು ಒಂದೊಂದು ಮಾತು, ಅದಿನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಅದನ್ನು ಮುಟ್ಟಬೇಡಿ. ಹಿಂದಕ್ಕೆ ಸರಿಸಿದರೆ ಪೆಡಲ್ ಇನ್ನಷ್ಟು ದೂರವಾಗುತ್ತೆ, ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ.

ಊತ ಇದ್ದರೆ, ಮಂಡಿ ಹಿಡಿದುಕೊಂಡು ಮಡಚೋಕೆ ಆಗದಿದ್ದರೆ, ಮಲಗಿದಾಗಲೂ ನೋಯುತ್ತಿದ್ದರೆ ಸೈಕಲ್ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಹಾಗಿಲ್ಲದಿದ್ದರೆ ಇವತ್ತು ಸಂಜೆಯೇ ಹಿಮ್ಮಡಿ ಇಟ್ಟು ನೋಡಿ. ಈಗಿನ ಎತ್ತರ, 15 ಸೆಕೆಂಡಿನ ಎಣಿಕೆ, ಎರಡನ್ನೂ ಇಲ್ಲೇ ಹಾಕಿ. ಗೇರ್ ಇರೋ ಸೈಕಲ್ಲಾ ಇಲ್ಲದ್ದಾ ಅನ್ನೋದನ್ನೂ ಬರೆಯಿರಿ.